ಹಬ್ಬದ ಫೋಟೊದಲ್ಲಿ ದೂರದ ಮಗನ ಜಾಗ

ಗೌರಿ-ಗಣೇಶ ಹಬ್ಬ ಮುಗಿಯುತ್ತಿದ್ದಂತೆ ನೆಂಟರಿಷ್ಟರ ವಾಟ್ಸ್ಯಾಪ್ ಗುಂಪುಗಳಲ್ಲಿ ಮನೆಮಂದಿಯ ಫೋಟೊಗಳು ಬರತೊಡಗುತ್ತವೆ. ಅವುಗಳಲ್ಲಿ ಒಂದೆರಡು ನೋಡಿದ ಕೂಡಲೇ ಕಣ್ಣಿಗೆ ತೊಡಕಾಗುತ್ತವೆ. ಸಾಲಿನ ತುದಿಯಲ್ಲಿ ನಿಂತ ಹುಡುಗ ಆ ದಿನ ಊರಿನಲ್ಲಿ ಇರಲಿಲ್ಲ, ಅವನನ್ನು ಆಮೇಲೆ ಸೇರಿಸಿದ್ದಾರೆ ಎಂದು ಯಾರೂ ಹೇಳಬೇಕಾಗಿಲ್ಲ. ಕತ್ತರಿಸಿದ ಅಂಚು ನಾಜೂಕಾಗಿಯೇ ಇರುತ್ತದೆ. ಆದರೂ ಅವನು ಆ ಮನೆಯ ನೆಲದ ಮೇಲೆ ನಿಂತಿಲ್ಲ ಎಂದು ಅನ್ನಿಸುತ್ತದೆ.

ಇದಕ್ಕೆ ಕಾರಣವನ್ನು ಅಂಚಿನಲ್ಲಿ ಹುಡುಕುವವರೇ ಹೆಚ್ಚು. ನಿಜವಾದ ಕಾರಣಗಳು ಮೂರು: ಅವನ ಫೋಟೊ ತೆಗೆದ ಕ್ಯಾಮೆರಾ ಬೇರೆ ಎತ್ತರದಲ್ಲಿತ್ತು, ಬೇರೆ ದೂರದಲ್ಲಿತ್ತು, ಬೆಳಕು ಬೇರೆ ಕಡೆಯಿಂದ ಬರುತ್ತಿತ್ತು. ಈ ಮೂರೂ ಫೋಟೊ ತೆಗೆಯುವ ಹೊತ್ತಿನಲ್ಲೇ ತೀರ್ಮಾನವಾಗಿ ಹೋಗುವಂಥವು. ಕಂಪ್ಯೂಟರಿನ ಮುಂದೆ ರಾತ್ರಿಯಿಡೀ ಕೂತರೂ ಸರಿಪಡಿಸಲಾಗದು. ಬೇರೆ ಬೇರೆ ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವ ಕೆಲಸ ಹೊಸದೇನಲ್ಲ. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲೇ ಐದು ನೆಗೆಟಿವ್‌ಗಳಿಂದ ಒಂದು ಮನೆಯೊಳಗಿನ ಚಿತ್ರವನ್ನು ಕಟ್ಟಿದ್ದ. ಯಾರು ಎಲ್ಲಿ ಇರಬೇಕು ಎಂದು ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಒಂದೊಂದೇ ಭಾಗದ ಫೋಟೊ ತೆಗೆಯುವುದು ಅವನ ಕ್ರಮ. ನಾನು ಇಲ್ಲಿ ಹೇಳಹೊರಟಿರುವುದೂ ಅದೇ ದಾರಿ. ಮೊದಲು ಜಾಗ, ಆಮೇಲೆ ಮನುಷ್ಯ.

ಶಿರಸಿಯ ಹತ್ತಿರ ನನ್ನ ಅಕ್ಕನ ಮನೆ. ಅವಳ ಕಿರಿಯ ಮಗ ಇರುವುದು ಅಮೆರಿಕದ ಡಲ್ಲಾಸಿನಲ್ಲಿ. ಚೌತಿಯ ದಿನ ಪೂಜೆ ಮುಗಿಸಿ ಜಗಲಿಯಲ್ಲಿ ಫೋಟೊ ತೆಗೆಯುವುದು ಆ ಮನೆಯ ಪದ್ಧತಿ. ಬೆಂಚಿನ ಮೇಲೆ ಅಕ್ಕ, ಭಾವ, ಭಾವನ ತಾಯಿ. ಹಿಂದೆ ಹಿರಿಯ ಮಗ, ಸೊಸೆ, ಅವಳ ಕಂಕುಳಲ್ಲಿ ಮಗು. ಕಿರಿಯವನೂ ಅದರಲ್ಲಿ ಇರಬೇಕು ಎಂಬುದು ಅಕ್ಕನ ಆಸೆ. ಈ ಮನೆಯ ಫೋಟೊವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲ ಪ್ರಶ್ನೆ, ಅವನನ್ನು ಎಲ್ಲಿ ನಿಲ್ಲಿಸುವುದು? ಹೆಚ್ಚಿನವರು ಸಾಲಿನ ತುದಿಯನ್ನು ಆರಿಸುತ್ತಾರೆ, ಸುಲಭವೆಂದು. ಅದು ಎಲ್ಲಕ್ಕಿಂತ ಕಷ್ಟದ ಜಾಗ. ತುದಿಯಲ್ಲಿ ನಿಂತವನ ಪಾದದವರೆಗೂ ಕಾಣುತ್ತದೆ. ಪಾದ ಕಂಡರೆ ನೆಲದ ಮೇಲಿನ ನೆರಳನ್ನು ಹುಟ್ಟಿಸಬೇಕು. ಅದೂ ಅಲ್ಲದೆ ಮೊಬೈಲಿನ ಲೆನ್ಸ್ ಅಗಲವಾದದ್ದು, ಚೌಕಟ್ಟಿನ ಅಂಚಿಗೆ ಬಂದವರನ್ನು ಅಡ್ಡಕ್ಕೆ ಸ್ವಲ್ಪ ಹಿಗ್ಗಿಸುತ್ತದೆ. ಎಲ್ಲೋ ನಡುವೆ ನಿಂತು ತೆಗೆಸಿಕೊಂಡವನನ್ನು ತಂದು ಅಂಚಿಗೆ ಇಟ್ಟರೆ ಅವನೊಬ್ಬನೇ ತೆಳ್ಳಗೆ, ನೇರವಾಗಿ ಕಾಣುತ್ತಾನೆ. ಹಿಂದಿನ ಸಾಲಿನ ನಡುವೆ, ಕುಳಿತವರ ಬೆನ್ನ ಹಿಂದೆ ನಿಲ್ಲಿಸಿದರೆ ಈ ಎರಡೂ ತೊಂದರೆ ಇಲ್ಲ. ಸೊಂಟದ ಕೆಳಗಿನದನ್ನು ಬೆಂಚು ಮತ್ತು ಕುಳಿತವರು ಮುಚ್ಚುತ್ತಾರೆ. ಒಬ್ಬರ ದೇಹದ ಒಂದು ಭಾಗ ಇನ್ನೊಬ್ಬರ ಹಿಂದೆ ಮರೆಯಾದಾಗ ಅವರಿಬ್ಬರೂ ಒಂದೇ ಜಾಗದಲ್ಲಿದ್ದಾರೆ ಎಂದು ಕಣ್ಣು ತಾನಾಗಿ ಒಪ್ಪಿಕೊಳ್ಳುತ್ತದೆ. ಅಕ್ಕ ಮತ್ತು ಭಾವನ ಭುಜಗಳ ನಡುವೆ, ಅಣ್ಣನ ಪಕ್ಕದಲ್ಲಿ, ಕಿರಿಯವನ ಜಾಗವೆಂದು ಗೊತ್ತುಮಾಡಿದೆವು. ಅಕ್ಕನ ಮುಡಿಯ ನೇರ ಹಿಂದೆ ಬೇಡ ಎಂದವನು ನಾನೇ. ಮಲ್ಲಿಗೆ ದಂಡೆಯ ಒಂದೊಂದು ಮೊಗ್ಗಿನ ಸುತ್ತಲೂ ಅಂಚು ಬಿಡಿಸುವುದು ದೊಡ್ಡ ಕೆಲಸ. ಸೀರೆಯ ಭುಜದ ಗೆರೆಯಾದರೆ ಸ್ಪಷ್ಟ, ಬಿಡಿಸುವುದು ಸುಲಭ.

ಇನ್ನು ಈ ಕೆಲಸದ ಜೀವಾಳ. ಅವನಿಗಾಗಿ ಖಾಲಿ ಜಾಗ ಬಿಡಬೇಡಿ. ಅಲ್ಲಿ ಒಬ್ಬರನ್ನು ನಿಲ್ಲಿಸಿ.

ಖಾಲಿ ಜಾಗ ಬಿಟ್ಟು ತೆಗೆದ ಫೋಟೊದಲ್ಲಿ ಆಚೀಚೆಯವರು ಆ ಖಾಲಿಯ ಜತೆಗೇ ನಿಂತಿರುತ್ತಾರೆ. ಅವರ ಭುಜ ಯಾರಿಗೂ ಜಾಗ ಮಾಡಿಕೊಟ್ಟಿರುವುದಿಲ್ಲ, ಅಂತರ ಒಂದೋ ಹೆಚ್ಚು, ಇಲ್ಲವೇ ಕಡಿಮೆ. ಬೆಳಕಿನ ಮಟ್ಟಿಗೂ ತಪ್ಪೇ. ಒಬ್ಬ ಮನುಷ್ಯ ನಿಂತರೆ ಅವನ ಹಿಂದಿನ ಗೋಡೆ ಸ್ವಲ್ಪ ಮಂಕಾಗುತ್ತದೆ, ಪಕ್ಕದವನ ತೋಳಿನ ಮೇಲೆ ತೆಳುವಾದ ನೆರಳು ಬೀಳುತ್ತದೆ, ಮುಂದೆ ಕುಳಿತವರ ಬೆನ್ನ ಹಿಂದಿನ ಸಂದು ಕಪ್ಪಾಗುತ್ತದೆ. ಇದನ್ನೆಲ್ಲ ಆಮೇಲೆ ಕುಂಚದಿಂದ ಬಳಿಯಬೇಕಾದರೆ ನುರಿತ ಕೈ ಬೇಕು. ನಿಜವಾದ ಮನುಷ್ಯನೇ ಅಲ್ಲಿ ನಿಂತಿದ್ದರೆ ಆ ನೆರಳೆಲ್ಲ ಫೋಟೊದಲ್ಲಿ ಆಗಲೇ ಇರುತ್ತದೆ, ನಾವು ಮಾಡಬೇಕಾದದ್ದು ಮನುಷ್ಯನನ್ನು ಬದಲಿಸುವುದಷ್ಟೇ.

ಬದಲಿಗೆ ನಿಲ್ಲುವವನು ಬರಬೇಕಾದವನಿಗಿಂತ ಸ್ವಲ್ಪ ಗಿಡ್ಡ, ಸ್ವಲ್ಪ ಸಪೂರ ಇರಬೇಕು. ಆಗ ಮೇಲೆ ಕೂರಿಸಿದ ಚಿತ್ರ ಅವನನ್ನು ಪೂರ್ತಿ ಮುಚ್ಚುತ್ತದೆ. ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆದೆವು. ಅವನು 5 ಅಡಿ 7 ಇಂಚು, ನನ್ನ ಅಳಿಯ 5 ಅಡಿ 9 ಇಂಚು. ಡಲ್ಲಾಸಿನಲ್ಲಿ ಅಳಿಯ ಹೊದೆಯಲಿದ್ದಂಥದೇ ಬಿಳಿ ಶಲ್ಯವನ್ನು ಹುಡುಗನಿಗೂ ಹೊದಿಸಿದೆವು. ಬಟ್ಟೆಯ ಬಣ್ಣ ಪಕ್ಕದವರ ಮೇಲೆ ಪ್ರತಿಫಲಿಸುತ್ತದೆ. ಹುಡುಗ ಕೆಂಪು ಅಂಗಿಯಲ್ಲಿ ನಿಂತಿದ್ದರೆ ಅಣ್ಣನ ತೋಳಿನ ಮೇಲೆ ಕೆಂಪು ಛಾಯೆ ಉಳಿದುಬಿಡುತ್ತಿತ್ತು. ಅವನ ಚಿತ್ರವನ್ನು ಆಮೇಲೆ ಮುಚ್ಚುತ್ತೇವೆ ಎಂದು ಮೊದಲೇ ತಿಳಿಸಿ, ಮನೆಯವರ ಜತೆ ಅವನದೇ ಒಂದು ಫೋಟೊ ತೆಗೆದುಕೊಟ್ಟೆವು. ಹಾಗೆ ಮಾಡುವುದು ಮರ್ಯಾದೆ.

ಮೊಬೈಲನ್ನು ಟ್ರೈಪಾಡಿಗೆ ಕಟ್ಟಿ, ಹಿಂದಿನ ಸಾಲಿನಿಂದ 12 ಅಡಿ ದೂರದಲ್ಲಿ, 4 ಅಡಿ ಎತ್ತರದಲ್ಲಿ ಇಟ್ಟದ್ದಾಯಿತು. ಮಲೆನಾಡಿನ ಮನೆಗಳಲ್ಲಿ ಇಲ್ಲೊಂದು ಎಚ್ಚರಿಕೆ ಬೇಕು. ಜಗಲಿ ಅಂಗಳಕ್ಕಿಂತ ಎತ್ತರದಲ್ಲಿರುತ್ತದೆ, ಕ್ಯಾಮೆರಾ ನಿಲ್ಲುವುದು ಅಂಗಳದಲ್ಲಿ. ಲೆಕ್ಕಕ್ಕೆ ಬರುವುದು ಫೋಟೊದಲ್ಲಿರುವವರು ನಿಂತ ನೆಲದಿಂದ ಕ್ಯಾಮೆರಾ ಎಷ್ಟು ಎತ್ತರ ಎಂಬುದು. ಅಕ್ಕನ ಮನೆಯ ಜಗಲಿ ಒಂದೂವರೆ ಅಡಿ ಎತ್ತರ, ಹಾಗಾಗಿ ಅಂಗಳದಿಂದ ಅಳೆದರೆ ಕ್ಯಾಮೆರಾ ಐದೂವರೆ ಅಡಿಯಲ್ಲಿತ್ತು. ಮೊಬೈಲು ಹಿಂದೆ ಮುಂದೆ ವಾಲದೆ ನೆಟ್ಟಗಿರಬೇಕು. ಪರದೆಯ ಮೇಲೆ ಮುಖದ ಹತ್ತಿರ ಬೆರಳೊತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್ ಅಲ್ಲೇ ನಿಲ್ಲುತ್ತವೆ. ಮುಂದಿನ ಎಲ್ಲ ಫೋಟೊಗಳಿಗೂ ಅದು ಹಾಗೆಯೇ ಇರಬೇಕು. ಪೋರ್ಟ್ರೇಟ್ ಮೋಡ್ ಬೇಡ, ಅದು ಕೂದಲಿನ ಅಂಚನ್ನು ಕಲಸಿಹಾಕುತ್ತದೆ. ಮುಖ ನುಣುಪು ಮಾಡುವ ಬ್ಯೂಟಿ ಫಿಲ್ಟರ್ ಕೂಡ ಬೇಡ.

ಹೀಗಿಟ್ಟು ಮೂರು ಬಗೆಯ ಫೋಟೊ ತೆಗೆದೆವು. ಹುಡುಗನ ಸಮೇತ ಎಲ್ಲರದು, ಮುಖಭಾವ ಚೆನ್ನಾಗಿ ಬರುವವರೆಗೆ ಹಲವು. ಆಮೇಲೆ ಹುಡುಗ ಒಂದು ಬಿಳಿ ಕಾಗದವನ್ನು ಎದೆಯ ಹತ್ತಿರ ಹಿಡಿದು ನಿಂತದ್ದು. ಈ ಫೋಟೊ ತೆಗೆಯುವಾಗ ಹಿಂದಿನ ಗೋಡೆಯ ಮೇಲೆ ನೆಲದಿಂದ ಸರಿಯಾಗಿ 4 ಅಡಿ ಎತ್ತರಕ್ಕೆ ಒಂದು ಕಾಗದದ ಚೂರು ಅಂಟಿಸಿದ್ದೆವು. ಕೊನೆಗೆ ಎಲ್ಲರೂ ಬದಿಗೆ ಸರಿದು, ಬರೀ ಗೋಡೆ ಮತ್ತು ಬೆಂಚು. ಅಳಿಯನ ಚಿತ್ರ ಕೂರಿಸಿದ ಮೇಲೂ ಹುಡುಗನ ಕಿವಿಯೋ ಮೊಣಕೈಯೋ ಎಲ್ಲಾದರೂ ಇಣುಕಿದರೆ ಮುಚ್ಚಲು ಈ ಖಾಲಿ ಗೋಡೆ ಬೇಕಾಗುತ್ತದೆ.

ಗೋಡೆಯ ಮೇಲಿನ ಆ ಚೂರು ಕಾಗದದ ಉಪಯೋಗ ಹೇಳಿಬಿಡುತ್ತೇನೆ. ಸಮನಾದ ನೆಲದಲ್ಲಿ, ವಾಲದ ಕ್ಯಾಮೆರಾ 4 ಅಡಿ ಎತ್ತರದಲ್ಲಿದ್ದರೆ, ಚಿತ್ರದಲ್ಲಿ ನಿಂತವರೆಲ್ಲರ 4 ಅಡಿ ಎತ್ತರದ ಬಿಂದು ಒಂದೇ ಅಡ್ಡಗೆರೆಯ ಮೇಲೆ ಬರುತ್ತದೆ. ಹತ್ತಿರ ನಿಂತವರಾಗಲಿ ದೂರ ನಿಂತವರಾಗಲಿ, ಗೆರೆ ಅದೇ. ಕಣ್ಣಳತೆಯಲ್ಲಿ ಸೇರಿಸಿದ ಚಿತ್ರಗಳು ಎಡವುವುದು ಇಲ್ಲೇ. ಸೇರಿಸಿದವನ ಎದೆಯ ಹತ್ತಿರ ಹಾಯಬೇಕಾದ ಗೆರೆ ಅವನ ಕತ್ತಿನ ಹತ್ತಿರವೋ ಹೊಟ್ಟೆಯ ಹತ್ತಿರವೋ ಹಾದುಹೋಗುತ್ತದೆ, ಅವನು ಗುಂಡಿಯಲ್ಲಿ ನಿಂತಂತೆಯೋ ಮಣೆಯ ಮೇಲೆ ನಿಂತಂತೆಯೋ ಕಾಣುತ್ತಾನೆ. ಅಳತೆಯ ಲೆಕ್ಕವೂ ಈ ಗೆರೆಯಿಂದಲೇ ಸಿಗುತ್ತದೆ. ಪಕ್ಕದ ಮನೆಯ ಹುಡುಗ 67 ಇಂಚು ಎತ್ತರ, ಗೆರೆ 48 ಇಂಚಿನಲ್ಲಿದೆ, ಗೆರೆಯ ಮೇಲೆ ಅವನ ನೆತ್ತಿಯವರೆಗೆ 19 ಇಂಚು. ಚಿತ್ರದಲ್ಲಿ ಅಳೆದರೆ ಅದು 380 ಪಿಕ್ಸೆಲ್ ಬಂತು, ಎಂದರೆ ಇಂಚಿಗೆ 20. ಅಳಿಯ 69 ಇಂಚು, ಗೆರೆಯ ಮೇಲೆ 21 ಇಂಚು, ಅಂದರೆ 420 ಪಿಕ್ಸೆಲ್. ಅವನನ್ನು ಎಷ್ಟು ದೊಡ್ಡದು ಮಾಡಬೇಕು, ಎಲ್ಲಿ ಕೂರಿಸಬೇಕು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಈಗ ಡಲ್ಲಾಸಿನ ಕಡೆಯ ಕೆಲಸ. ಮೊದಲು ಮನೆಯ ಫೋಟೊ, ಆಮೇಲೆ ದೂರದವರ ಫೋಟೊ. ಈ ಕ್ರಮ ತಿರುವುಮುರುವು ಆಗಬಾರದು. ಹಬ್ಬದ ದಿನ ಜಗಲಿಯ ಬೆಳಕು ಹೇಗಿರುತ್ತದೋ ಹಾಗೇ ಇರುತ್ತದೆ, ಬದಲಿಸಲು ಬರುವುದಿಲ್ಲ. ಅಲ್ಲಿ ಒಬ್ಬನೇ ಇರುವವನು ನಮ್ಮ ಬೆಳಕಿಗೆ ಹೊಂದುವ ಜಾಗ ಹುಡುಕಿಕೊಳ್ಳಬಹುದು. ಅದೇ ಕ್ಷಣಕ್ಕೆ ತೆಗೆಯುವ ಆಸೆಯನ್ನೂ ಬಿಡಬೇಕು. ಶಿರಸಿಯಲ್ಲಿ ಬೆಳಿಗ್ಗೆ 9 ಗಂಟೆಯೆಂದರೆ ಆ ತಿಂಗಳಲ್ಲಿ ಡಲ್ಲಾಸಿನಲ್ಲಿ ಹಿಂದಿನ ರಾತ್ರಿ 10.30. ಆಗ ತೆಗೆದರೆ ತಲೆಯ ಮೇಲಿನ ಬಲ್ಬಿನ ಹಳದಿ ಬೆಳಕು, ಕಣ್ಣಿನ ಗುಳಿಯಲ್ಲಿ ನೆರಳು. ಹಗಲಿನ ಜಗಲಿಗೆ ಅದು ಯಾವ ಉಪಾಯದಿಂದಲೂ ಒಗ್ಗದು.

ಜಗಲಿಯ ಬೆಳಕನ್ನು ಒಮ್ಮೆ ಗಮನಿಸಿ. ಭಾದ್ರಪದದ ಮೋಡ, ಮೇಲೆ ಮಾಡು, ಬಿಸಿಲೇ ಇಲ್ಲ. ಬೆಳಕೆಲ್ಲ ಎದುರಿನ ಅಂಗಳದಿಂದ ಮೆತ್ತಗೆ ಬರುತ್ತದೆ. ಬಲಗಡೆ ಕೊಟ್ಟಿಗೆ ಇರುವುದರಿಂದ ಆ ಕಡೆ ಸ್ವಲ್ಪ ಕಡಿಮೆ, ಕ್ಯಾಮೆರಾದ ಎಡಗಡೆಯಿಂದ ಹೆಚ್ಚು. ಕೆಳಗೆ ಕಾವಿ ನೆಲ. ಆ ಕೆಂಪು ಎಲ್ಲರ ಗದ್ದದ ಅಡಿಯಲ್ಲಿ, ಬಿಳಿ ಬಟ್ಟೆಯ ಮಡಿಕೆಗಳಲ್ಲಿ ನಸುವಾಗಿ ಹರಡಿರುತ್ತದೆ. ಅಳಿಯ ಇರುವ ಮನೆಯ ಮುಂದೆ ಸೂರಿರುವ ಒಂದು ಪೋರ್ಚ್ ಇದೆ. ಜಗಲಿಗೆ ಅದಕ್ಕಿಂತ ಸರಿಜೋಡಿ ಬೇಕಿರಲಿಲ್ಲ. ಬಿಸಿಲು ಮನೆಯ ಹಿಂಬದಿಗೆ ಹೋದ ಹೊತ್ತಿನಲ್ಲಿ ಅಲ್ಲಿ ನಿಲ್ಲಲು ಹೇಳಿದೆ. ಕಾಂಕ್ರೀಟ್ ನೆಲದ ಮೇಲೆ ಒಂದು ಕೆಂಪು ಬೆಡ್‌ಶೀಟ್ ಹಾಸಿದ. ಪೋರ್ಚಿನ ಬಲಬದಿಗೆ ಕಡುಬಣ್ಣದ ಕಂಬಳಿ ತೂಗುಹಾಕಿದ, ನಮ್ಮ ಕೊಟ್ಟಿಗೆಯ ಬದಲಿಗೆ. ಅವನ ಸ್ನೇಹಿತ ಹುಲ್ಲಿನ ಮೇಲೆ 12 ಅಡಿ ದೂರದಲ್ಲಿ ಕ್ಯಾಮೆರಾ ಇಟ್ಟ, ಪೋರ್ಚಿನ ನೆಲದಿಂದ 4 ಅಡಿ ಎತ್ತರಕ್ಕೆ. ಮನೆಯೊಳಗೆ ತೆಗೆಯುವುದೇ ಆದರೆ ದೊಡ್ಡ ಗಾಜಿನ ಬಾಗಿಲಿಗೆ ಕ್ಯಾಮೆರಾ ಬೆನ್ನು ಮಾಡಿ ನಿಲ್ಲಬೇಕು, ಒಳಗಿನ ದೀಪಗಳನ್ನೆಲ್ಲ ಆರಿಸಬೇಕು.

ದೂರದ ವಿಷಯದಲ್ಲಿ ರಾಜಿ ಬೇಡ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಕಾಣುತ್ತವೆ. 12 ಅಡಿಯಿಂದ ತೆಗೆದ ಮುಖದ ಆಕಾರವೇ ಬೇರೆ. ಇದನ್ನು ನಿರ್ಧರಿಸುವುದು ದೂರವೇ ಹೊರತು ಝೂಮ್ ಅಲ್ಲ. ಮನೆಯ ಫೋಟೊದಲ್ಲಿ ಅವನ ಜಾಗ ನಡುವಿನಿಂದ ಸ್ವಲ್ಪ ಎಡಕ್ಕಿದ್ದರೆ, ಅಲ್ಲಿಯೂ ಚೌಕಟ್ಟಿನ ನಡುವಿನಿಂದ ಅಷ್ಟೇ ಎಡಕ್ಕೆ ನಿಲ್ಲಬೇಕು. ಬೂಟು ಹಾಕಿ ನಿಂತು ಕಳಿಸಿದ ಪರೀಕ್ಷೆಯ ಫೋಟೊ ನೋಡಿ, "ಬರಿಗಾಲಲ್ಲಿ ನಿಲ್ಲೋ ಮಾರಾಯ, ಜಗಲಿಯಲ್ಲಿ ಯಾರ ಕಾಲಲ್ಲೂ ಚಪ್ಪಲಿ ಇಲ್ಲ" ಎಂದೆ. ಕಾಲು ಕಾಣದಿದ್ದರೂ ಒಂದಿಂಚು ಎತ್ತರ ಲೆಕ್ಕ ಕೆಡಿಸುತ್ತದೆ, ನಿಲ್ಲುವ ಭಂಗಿಯೂ ಬದಲಾಗುತ್ತದೆ.

ಹಿನ್ನೆಲೆಗೆ ಹಸಿರು ಬಟ್ಟೆ ಕಟ್ಟಿದರೆ ಕತ್ತರಿಸಲು ಸುಲಭ ಎಂಬ ನಂಬಿಕೆ ಇದೆ. ಈ ಕೆಲಸಕ್ಕೆ ಅದು ಬೇಡವೇ ಬೇಡ. ಹಸಿರು ಬಣ್ಣ ಕೆನ್ನೆಯ ಅಂಚಿಗೆ, ಕೂದಲಿಗೆ, ಬಿಳಿ ಶಲ್ಯಕ್ಕೆ ಹತ್ತಿಕೊಳ್ಳುತ್ತದೆ. ಮನೆಯ ಫೋಟೊದಲ್ಲಿ ಅವನ ತಲೆಯ ಹಿಂದೆ ಏನಿರುತ್ತದೋ ಅದೇ ಬಣ್ಣದ ಹಿನ್ನೆಲೆ ಬೇಕು. ಅಕ್ಕನ ಮನೆಯದು ಸುಣ್ಣದ ಗೋಡೆ. ಅಲ್ಲಿನ ಪೋರ್ಚಿನ ಹಿಂದೆ ಕೆಂಪು ಇಟ್ಟಿಗೆಯ ಗೋಡೆ ಇದ್ದುದರಿಂದ, ಅಳಿಯ ತನ್ನ ಹಿಂದೆ ಮೂರಡಿ ಬಿಟ್ಟು ಬಿಳಿ ಬೆಡ್‌ಶೀಟ್ ಇಳಿಬಿಟ್ಟ. ಕೂದಲಿನ ಎಳೆಗಳ ನಡುವೆ ಹಳೆಯ ಹಿನ್ನೆಲೆ ಸ್ವಲ್ಪ ಉಳಿದರೂ ಆಗ ಅದು ಸುಣ್ಣದ ಗೋಡೆಯಲ್ಲಿ ಬೆರೆತುಹೋಗುತ್ತದೆ. ಬಿಳಿ ಕಾಗದ ಹಿಡಿದು ಒಂದು ಫೋಟೊ, ಹಿಡಿಯದೆ ಹಲವು. ತೆಗೆಯುವಾಗ ಅಕ್ಕ ವಿಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದಳು, ಆ ಫೋನನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟಿದ್ದರು. ಅಮ್ಮನ ಮಾತಿಗೆ ಬಂದ ನಗು ಅದು, ಹೇಳಿ ಬರಿಸಿದ್ದಲ್ಲ.

ಕಳಿಸುವಾಗ ವಾಟ್ಸ್ಯಾಪಿನಲ್ಲಿ ಫೋಟೊ ಎಂದು ಕಳಿಸಬಾರದು. ಅದು ಚಿತ್ರವನ್ನು ಕುಗ್ಗಿಸಿ, ಕೂದಲಿನ ಸೂಕ್ಷ್ಮವನ್ನು ಅಳಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲ ಹಾಗೆಯೇ ಬರುತ್ತದೆ.

ಇಷ್ಟಾದ ಮೇಲೆ ಕಂಪ್ಯೂಟರಿನ ಕೆಲಸ ಹೆಚ್ಚಿಲ್ಲ. ಉಚಿತವಾಗಿ ಸಿಗುವ ಜಿಂಪ್ ಸಾಕು. ಹುಡುಗನಿರುವ ಫೋಟೊ ತಳದಲ್ಲಿ, ಅದರ ಮೇಲೆ ಖಾಲಿ ಗೋಡೆ, ಅದರ ಮೇಲೆ ಅಳಿಯ. ಅಳಿಯನನ್ನು ಲೆಕ್ಕದ ಅಳತೆಗೆ ತಂದು, 4 ಅಡಿಯ ಗೆರೆಗೆ ಹೊಂದಿಸಿ, ಬೇಡದ ಭಾಗವನ್ನು ಮರೆಮಾಡಬೇಕು. ಅಳಿಸುವ ರಬ್ಬರ್ ಮುಟ್ಟಬಾರದು. Add Layer Mask ಕೊಟ್ಟು ಕಪ್ಪು ಬಣ್ಣ ಬಳಿದರೆ ಭಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಬರುತ್ತದೆ, ಕೈತಪ್ಪಿದರೂ ಹಾಳಾಗುವುದಿಲ್ಲ. ಮುಂದೆ ಕುಳಿತ ಅಕ್ಕನ ಭುಜದ ಗೆರೆ, ಭಾವನ ತೋಳಿನ ಗೆರೆ, ಇವುಗಳ ಉದ್ದಕ್ಕೂ ಕಪ್ಪು ಬಳಿದರೆ ಅಳಿಯ ಅವರ ಹಿಂದೆ ಹೋಗಿ ನಿಲ್ಲುತ್ತಾನೆ. ಖಾಲಿ ಗೋಡೆಯ ಲೇಯರ್ ಬೇಕಾಗುವುದು ಹುಡುಗ ಇಣುಕುವ ಕಡೆಗೆ ಮಾತ್ರ, ಉಳಿದೆಡೆ ಅದನ್ನು ಮರೆಯಾಗಿಸಿ. ಇಲ್ಲವಾದರೆ ಹುಡುಗನಿಂದ ಬಂದ ನೆರಳೂ ಹೋಗಿಬಿಡುತ್ತದೆ.

ಬಣ್ಣ ಹೊಂದಿಸಲು ಕಣ್ಣಿನ ಬದಲು ಆ ಬಿಳಿ ಕಾಗದವನ್ನು ನಂಬಿ. ಜಗಲಿಯ ಫೋಟೊದ ಕಾಗದದಲ್ಲಿ ಕೆಂಪು, ಹಸಿರು, ನೀಲಿಗಳ ಅಂಕಿ 212, 206, 194 ಇತ್ತು. ಡಲ್ಲಾಸಿನದರಲ್ಲಿ 203, 208, 219. ಅಲ್ಲಿನ ತೆರೆದ ಆಕಾಶದ ನೀಲಿ ಅದು. `Colors > Curves` ತೆರೆದು ಕೆಂಪನ್ನು ಸ್ವಲ್ಪ ಏರಿಸಿ, ಹಸಿರನ್ನು ತುಸುವೇ, ನೀಲಿಯನ್ನು ಹೆಚ್ಚು ಇಳಿಸಿ, ಮೊದಲಿನ ಅಂಕಿಗಳಿಗೆ ತಂದದ್ದಾಯಿತು. ಅಣ್ಣನ ಮೈಬಣ್ಣಕ್ಕೆ ತಮ್ಮನ ಮೈಬಣ್ಣ ಹೊಂದಿಸಲು ಹೋಗಬೇಡಿ, ಅಣ್ಣತಮ್ಮಂದಿರ ಬಣ್ಣ ಒಂದೇ ಇರಬೇಕೆಂದಿಲ್ಲ. ಬಿಳಿಯಾದ ಮೇಲೆ ಕಪ್ಪನ್ನೂ ನೋಡಬೇಕು. ಅಳಿಯನ ಕೂದಲು ಉಳಿದವರ ಕೂದಲಿಗಿಂತ ಕಡುಕಪ್ಪಾಗಿದ್ದರೆ ಅವನೊಬ್ಬನೇ ಮುಂದೆ ಚಿಮ್ಮಿ ಬಂದಂತೆ ಇರುತ್ತದೆ. ಅದೇ Curves ಗೆರೆಯ ಕೆಳತುದಿಯನ್ನು ತುಸು ಎತ್ತಿದರೆ ಹೊಂದುತ್ತದೆ.

ಉಳಿದದ್ದು ಹರಿತ. ಚಿತ್ರವನ್ನು ದುಪ್ಪಟ್ಟು ಹಿಗ್ಗಿಸಿ ಅಣ್ಣನ ಹುಬ್ಬು, ತಮ್ಮನ ಹುಬ್ಬು ಒಟ್ಟಿಗೆ ನೋಡಿ. ಕುಗ್ಗಿಸಿ ಕೂರಿಸಿದವನು ಸಾಮಾನ್ಯವಾಗಿ ಹೆಚ್ಚು ಹರಿತವಾಗಿರುತ್ತಾನೆ. Gaussian Blur ಅರ್ಧದಿಂದ ಒಂದು ಪಿಕ್ಸೆಲ್ ಕೊಟ್ಟರೆ ಸಮವಾಗುತ್ತದೆ. ನೆರಳಿನ ಭಾಗಗಳಲ್ಲಿ ಉಳಿದವರ ಮೇಲೆ ಸಣ್ಣ ಮರಳಿನಂಥ ಕಣಗಳಿದ್ದು ಇವನ ಮೇಲೆ ಇಲ್ಲದಿದ್ದರೆ, RGB Noise ಇಂದ ಅಷ್ಟೇ ಸೇರಿಸಬೇಕು. ಮುಗಿಯಿತು ಅನ್ನಿಸಿದಾಗ ಇಡೀ ಚಿತ್ರವನ್ನು ಒಮ್ಮೆ ಕಪ್ಪುಬಿಳುಪು ಮಾಡಿ, ಇನ್ನೊಮ್ಮೆ ಎಡಬಲ ತಿರುಗಿಸಿ ನೋಡಿ. ನೋಡಿ ನೋಡಿ ಸೋತ ಕಣ್ಣಿಗೆ ಆಗ ತಪ್ಪು ಹೊಳೆಯುತ್ತದೆ. ಬೆಳಕಿನ ದಿಕ್ಕು ಹೊಂದಲಿಲ್ಲವೆಂದು ಸೇರಿಸಿದವರನ್ನು ಮಾತ್ರ ಎಡಬಲ ತಿರುಗಿಸಿಬಿಡುವವರಿದ್ದಾರೆ. ಹೆಂಗಸರಾದರೆ ಎಡಭುಜದ ಸೆರಗು ಬಲಭುಜಕ್ಕೆ ಬರುತ್ತದೆ, ಗಂಡಸರಾದರೆ ಅಂಗಿಯ ಗುಂಡಿ ಅದಲುಬದಲಾಗುತ್ತದೆ. ಮನೆಯವರು ಕೂಡಲೇ ಗುರುತಿಸುತ್ತಾರೆ.

ಈ ಸಿದ್ಧತೆ ಏನೂ ಇಲ್ಲದೆ ಹಬ್ಬದ ಫೋಟೊ ಆಗಲೇ ತೆಗೆದಾಗಿದ್ದರೆ? ಆ ಫೋಟೊದ ಬೆಳಕನ್ನು ನೋಡಿ, ಎತ್ತರ ಮತ್ತು ದೂರವನ್ನು ಅಂದಾಜು ಮಾಡಿ, ದೂರದವರಿಗೆ ಹೊಸದಾಗಿ ತೆಗೆಸಲು ಹೇಳಬಹುದು. ಅವರ ಬಳಿ ಇರುವ ಯಾವುದೋ ಹಳೆಯ ಸೆಲ್ಫಿ, ಮದುವೆ ಮನೆಯ ಫ್ಲ್ಯಾಷ್ ಫೋಟೊ, ಕಚೇರಿಯ ಟೈ ಕಟ್ಟಿದ ಫೋಟೊ ತಂದು ಕೂರಿಸುವುದು ಬೇಡ. ಅದಕ್ಕಿಂತ ಅಮ್ಮನ ಕೈಯಲ್ಲಿ ವಿಡಿಯೊ ಕಾಲಿನ ಫೋನ್ ಹಿಡಿಸಿ, ಮಗನ ಮುಖ ಪರದೆಯಲ್ಲಿ ಕಾಣುವಂತೆ ತೆಗೆದ ಫೋಟೊ ಎಷ್ಟೋ ಮೇಲು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಚೆನ್ನಾಗಿ ಸೇರಿಸಿದ ಫೋಟೊ ಇಪ್ಪತ್ತು ವರ್ಷದ ಮೇಲೆ ಸಾಕ್ಷಿಯಂತೆ ಮಾತಾಡುತ್ತದೆ. ಅಂದು ಕಂಕುಳಲ್ಲಿದ್ದ ಮಗು ದೊಡ್ಡದಾಗಿ, ಆ ವರ್ಷ ಚಿಕ್ಕಪ್ಪ ಹಬ್ಬಕ್ಕೆ ಬಂದಿದ್ದ ಎಂದೇ ನಂಬುತ್ತದೆ. ಹುಡುಗ ನಿಂತಿದ್ದ ಮೂಲ ಫೋಟೊ ಮತ್ತು ಡಲ್ಲಾಸಿನ ಮೂಲ ಫೋಟೊ ಎರಡನ್ನೂ ಅಕ್ಕ ಜೋಪಾನವಾಗಿ ಇಟ್ಟಿದ್ದಾಳೆ. ಪ್ರಿಂಟಿನ ಹಿಂದೆ ದಿನಾಂಕದ ಜತೆ, ಕಿರಿಯ ಮಗನ ಚಿತ್ರವನ್ನು ಡಲ್ಲಾಸಿನಿಂದ ತರಿಸಿ ಸೇರಿಸಿದ್ದು ಎಂದು ಬರೆದಿದ್ದಾಳೆ. ನೀವೂ ಬರೆಯಿರಿ, ಫೈಲಿನ ಹೆಸರಿನಲ್ಲೂ ಅದು ಇರಲಿ. ವೀಸಾ ಅರ್ಜಿಗೋ ಕೋರ್ಟಿನ ಕಾಗದಪತ್ರಕ್ಕೋ ಕುಟುಂಬದ ಫೋಟೊ ಕೇಳಿದಾಗ ಇಂಥದ್ದನ್ನು ಎಂದಿಗೂ ಕೊಡಬೇಡಿ. ಅಲ್ಲಿಗೆ ಹೋಗಬೇಕಾದದ್ದು ಎಲ್ಲರೂ ನಿಜವಾಗಿ ಒಟ್ಟಿಗೆ ನಿಂತ ಫೋಟೊ ಮಾತ್ರ.